ಮೂವರು ನೆಗೆಣ್ಣಿಯರು, ಒಂದೇ ಒಲೆ: ರೊಟ್ಟಿಯ ದುಡಿಮೆಗೂ ಸಂತೆಯ ಖರ್ಚಿಗೂ ಲೆಕ್ಕ ಹೇಗೆ?

ಹಿರಿಸೊಸೆ (ಬಸವನ ಬಾಗೇವಾಡಿ ತಾಲ್ಲೂಕು)

ನಮ್ಮ ಮನೆಯಲ್ಲಿ ಹನ್ನೊಂದು ಜನ. ಅತ್ತೆ, ಮಾವ, ಮೂವರು ಅಣ್ಣತಮ್ಮಂದಿರು, ನಾವು ಮೂವರು ನೆಗೆಣ್ಣಿಯರು, ಮೂರು ಮಕ್ಕಳು. ನನ್ನ ಯಜಮಾನರು ಹೊಲ ನೋಡಿಕೊಳ್ಳುತ್ತಾರೆ. ನಡುವಿನ ಮೈದುನ ಊರಾಚೆ ಖಾಸಗಿ ನೌಕರಿಯಲ್ಲಿದ್ದಾರೆ, ಅವರ ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಸಣ್ಣ ಮೈದುನನದು ಮೊಬೈಲ್ ಅಂಗಡಿ, ಅವರ ಹೆಂಡತಿ ಈಗ ಬಸುರಿ.

ಎಳ್ಳಮಾವಾಸ್ಯೆಯ ದಿನ ಜಗಳ ಬೀದಿಗೆ ಬಂತು. ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕೆಂದು ನಾನು ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿ ಪಲ್ಯ, ಎಣ್ಣೆಗಾಯಿ ಎಲ್ಲವನ್ನೂ ಮಾಡಿದೆ. ಸಣ್ಣಾಕೆ ಕೂತಲ್ಲೇ ಬದನೆಕಾಯಿ ಸೀಳಿಕೊಟ್ಟಳು. ನಡುವಿನವಳು ಸೀರೆ ಉಟ್ಟು ತಯಾರಾಗಿ ಬಂದದ್ದು ಬುತ್ತಿ ಕಟ್ಟುವ ಹೊತ್ತಿಗೆ. ನಾನು ಒಂದು ಮಾತು ಅಂದೆ. ಅದಕ್ಕೆ ಅವಳು, "ಅಕ್ಕಾ, ತಿಂಗಳಿಗೆ ಹತ್ತು ಸಾವಿರ ಕೊಡುತ್ತೇವೆ, ನಿಮ್ಮ ಕಡೆಯಿಂದ ಒಂದು ರೂಪಾಯಿ ಇಲ್ಲ" ಎಂದಳು. ಎಲ್ಲರೂ ಕೇಳಿದರು. ಅಂದಿನಿಂದ ನಾವಿಬ್ಬರೂ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತೇವೆ.

ಮನೆ ಒಡೆಯುವುದು ನನಗೆ ಬೇಡ. ರೊಕ್ಕ ಕೊಟ್ಟವರ ಪಾಲು ಎಷ್ಟು, ರೊಟ್ಟಿ ಬಡಿದವರ ಪಾಲು ಎಷ್ಟು ಎಂದು ಯಾರಾದರೂ ನೆಟ್ಟಗೆ ಹೇಳಿ.

ಗೋಕಾಕದವಳು

ಅಕ್ಕಾ, ಬೇರೆಯಾಗಿಬಿಡಿ. ನಾವು ಬೇರೆಯಾದ ಮೇಲೆಯೇ ನನಗೆ ನಿದ್ದೆ ಬಂದದ್ದು. ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಗೂ ಬೀಗ ಇತ್ತು. ನನ್ನ ಮಗನಿಗೆ ಚಹಾಕ್ಕೆ ಹಾಲು ಕೇಳಿದರೆ ವೈನಿ ಅಳೆದು ಕೊಡುತ್ತಿದ್ದರು. ಈಗ ಎರಡು ಕೋಣೆಯ ಬಾಡಿಗೆ ಮನೆ, ಗಂಜಿ ಕುಡಿದರೂ ನೆಮ್ಮದಿ. ಮನೆ ಮಾಡುವುದಾದರೆ ಅತ್ತೆಯವರು ಯಾರ ಕಡೆ ಇರುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಅದೇ ದೊಡ್ಡ ತಕರಾರು.

ಹಿರಿಸೊಸೆ

ತಂಗಿ, ನಿನ್ನ ಕಷ್ಟ ಅರ್ಥವಾಯಿತು. ಆದರೆ ನಾನು ಬೇರೆ ಮನೆ ಕೇಳಿಲ್ಲ. ಇರುವ ಮನೆಯಲ್ಲಿ ಲೆಕ್ಕ ಹೇಗೆ ಎಂದು ಕೇಳಿದ್ದೇನೆ.

ಲೆಕ್ಕದ ಕಾಕಾ (ಇಂಡಿ)

ನಾನು ಪತ್ತಿನ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವನು. ಊರಿನ ಅಣ್ಣತಮ್ಮಂದಿರ ಹಿಸ್ಸೆ ಪಂಚಾಯ್ತಿಗಳಲ್ಲಿ ಬಹಳ ಕೂತಿದ್ದೇನೆ. ಹೊಲ ನೋಡುವವನ ಹೆಂಡತಿಗೆ "ನಿಮ್ಮಿಂದ ರೂಪಾಯಿ ಇಲ್ಲ" ಎನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಯಾಕೆಂದರೆ ನೌಕರಿಯವನ ಕಾಣಿಕೆ ನೋಟಿನಲ್ಲಿ ಕಾಣುತ್ತದೆ, ಹೊಲದವನ ಕಾಣಿಕೆ ಚೀಲದಲ್ಲಿ ಬಂದು ನೇರವಾಗಿ ಅಡುಗೆಮನೆ ಸೇರುತ್ತದೆ. ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ತಂಗೀ, ಇಷ್ಟು ಹೇಳು. ತಿಂಗಳಿಗೆ ಹಿಟ್ಟು ಎಷ್ಟು ಬೀಸಿಸುತ್ತೀರಿ? ತೊಗರಿ ಮನೆಯದೇ? ಹಾಲು? ಯಾರು ಯಾರು ಎಷ್ಟು ರೊಕ್ಕ ಹಾಕುತ್ತಾರೆ? ಹೊಲ ಯಾರ ಹೆಸರಿನಲ್ಲಿದೆ? ಮಕ್ಕಳ ವಯಸ್ಸೇನು?

ಹಿರಿಸೊಸೆ

ಕಾಕಾ, ದಿನಕ್ಕೆ ಸುಮಾರು ನಲವತ್ತು ರೊಟ್ಟಿ, ಎರಡು ಕಿಲೋ ಹಿಟ್ಟು. ಜೋಳ ಮನೆಯದು, ಮಾಲದಂಡಿ. ತೊಗರಿಯೂ ಮನೆಯದು, ತಿಂಗಳಿಗೆ ಎಂಟು ಕಿಲೋ ಬೇಳೆ ಬೇಕು. ಎಮ್ಮೆ ಇದೆ, ಮನೆಗೇ ದಿನಕ್ಕೆ ಮೂರು ಲೀಟರ್ ಹಾಲು ಉಳಿಸಿಕೊಳ್ಳುತ್ತೇವೆ. ನಡುವಿನವರು 10,000, ಸಣ್ಣವರು 5,000 ಕೊಡುತ್ತಾರೆ. ಅತ್ತೆಯವರ ಹೆಸರಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ, ಅದನ್ನೂ ಸಂತೆಗೇ ಕೊಡುತ್ತಾರೆ. ಎಣ್ಣೆ, ಸಕ್ಕರೆ, ಚಹಾಪುಡಿ, ಕಾಯಿಪಲ್ಯ, ಗ್ಯಾಸ್, ಸಾಬೂನು ಎಲ್ಲ ಸೇರಿ ಆ 17,000 ತಿಂಗಳ ಕೊನೆಗೆ ಮುಗಿದುಹೋಗುತ್ತದೆ. ಹೊಲ ಮಾವನವರ ಹೆಸರಿನಲ್ಲಿದೆ. ನನ್ನ ಮಕ್ಕಳಿಗೆ ಹದಿನಾಲ್ಕು ಮತ್ತು ಹತ್ತು, ನಡುವಿನವಳ ಮಗನಿಗೆ ನಾಲ್ಕು.

ಮುದ್ದೇಬಿಹಾಳದ ತಮ್ಮ

ಇಷ್ಟೆಲ್ಲಾ ಯಾಕೆ? ರೇಷನ್ ಕಾರ್ಡ್ ಮೂರು ಮಾಡಿಸಿ. ಗೃಹಲಕ್ಷ್ಮಿ ಒಂದು ಕಾರ್ಡಿಗೆ ಒಬ್ಬ ಯಜಮಾನಿಗೆ ಮಾತ್ರ. ಮೂರು ಕಾರ್ಡ್ ಆದರೆ ಮೂವರು ಸೊಸೆಯರಿಗೂ ತಲಾ 2,000 ಬರುತ್ತದೆ, ಜಗಳವೇ ಇರುವುದಿಲ್ಲ. ಆದರೆ ಒಂದು ಎಚ್ಚರಿಕೆ. ಒಲೆ ಬೇರೆ ಎಂದು ಬರೆದುಕೊಟ್ಟರೆ ಆಸ್ತಿಯೂ ಪಾಲಾದ ಹಾಗೆಯೇ. ಆಮೇಲೆ ಹೊಲದಲ್ಲಿ ಕೇಳಲು ಬರುವುದಿಲ್ಲ.

ವಿಜಯಪುರದ ವಕೀಲರು

ತಮ್ಮ ಹೇಳಿದ್ದರಲ್ಲಿ ಮೊದಲರ್ಧ ಸರಿ. ಚೀಟಿಯಲ್ಲಿ ಯಜಮಾನಿ ಎಂದು ಇರುವ ಒಬ್ಬರಿಗೇ ಗೃಹಲಕ್ಷ್ಮಿ ಸಿಗುತ್ತದೆ. ಆದರೆ ಒಂದೇ ಒಲೆಯಲ್ಲಿ ಉಣ್ಣುತ್ತಾ ಬೇರೆ ಬೇರೆ ಕುಟುಂಬ ಎಂದು ಬರೆದುಕೊಟ್ಟರೆ ಅದು ಸುಳ್ಳು ಘೋಷಣೆ. ಪರಿಶೀಲನೆಗೆ ಬಂದಾಗ ಇದ್ದ ಕಾರ್ಡೂ ರದ್ದಾಗಬಹುದು.

ಆಸ್ತಿಯ ಮಾತು ತಪ್ಪು. ಅಡುಗೆ ಬೇರೆಯಾದ ಮಾತ್ರಕ್ಕೆ ಅವಿಭಕ್ತ ಕುಟುಂಬ ವಿಭಜನೆಯಾಯಿತು ಎಂದು ನ್ಯಾಯಾಲಯ ಒಪ್ಪುವುದಿಲ್ಲ. ಬೇರೆಯಾಗುವ ಉದ್ದೇಶ ಸ್ಪಷ್ಟವಾಗಿ ಕಾಣಬೇಕು. ಜಾಗ ಸಾಲದೆ, ಹೊಂದಾಣಿಕೆಯಾಗದೆ ಎರಡು ಒಲೆ ಹೂಡಿದ ಎಷ್ಟೋ ಮನೆಗಳ ಹೊಲ ಇಂದಿಗೂ ಒಂದೇ ಉತಾರದಲ್ಲಿದೆ. ಹೊಲ ಪಿತ್ರಾರ್ಜಿತವಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಹಾಗಾಗಿ "ನಾವು ಮೂವರು ಅಣ್ಣತಮ್ಮಂದಿರ ಹೊಲ" ಎಂದು ಲೆಕ್ಕ ಹಾಕುವ ಮೊದಲು ನಾದಿನಿಯರನ್ನು ಮರೆಯಬೇಡಿ. ಅಡುಗೆಮನೆಯ ಜಗಳಕ್ಕೆ ವಾಟ್ನಿಯ ಮಾತು ತಂದರೆ ಜಗಳ ಹೊಲಕ್ಕೆ ಹೋಗುತ್ತದೆ. ಎರಡನ್ನೂ ಬೇರೆಯಾಗಿಯೇ ಇಡಿ.

ಲೆಕ್ಕದ ಕಾಕಾ

ವಕೀಲರು ಸರಿಯಾಗಿ ಹೇಳಿದರು. ಇನ್ನು ಒಲೆಯ ಲೆಕ್ಕಕ್ಕೆ ಬರೋಣ.

ಹೊಲದಿಂದ ಬಂದದ್ದಕ್ಕೆ ಮೊದಲು ಬೆಲೆ ಕಟ್ಟಬೇಕು. ತಿಂಗಳಿಗೆ 60 ಕಿಲೋ ಜೋಳ, ಕಿಲೋಗೆ 40 ಹಿಡಿದರೆ 2,400. ಎಂಟು ಕಿಲೋ ತೊಗರಿಬೇಳೆಗೆ 1,000. ಹಾಲು ತಿಂಗಳಿಗೆ 90 ಲೀಟರ್, 50ರಂತೆ 4,500. ಒಟ್ಟು 7,900, ಅದನ್ನು 8,000 ಎನ್ನೋಣ. ಅಂದರೆ ಮನೆಯ ಊಟದ ನಿಜವಾದ ಖರ್ಚು 17,000 ಅಲ್ಲ, 25,000. ದರ ನಿಮ್ಮೂರಿನದು ಬೇರೆಯಿದ್ದರೆ ತಿದ್ದಿಕೊಳ್ಳಿ.

ಈ 8,000 ಪೂರ್ತಿ ನಿನ್ನ ಗಂಡನದಲ್ಲ. ಭೂಮಿ ಮಾವನವರದು, ದುಡಿಮೆ ನಿಮ್ಮದು. ನಮ್ಮ ಕಡೆ ಹೊಲ ಪಾಲಿಗೆ ಹಾಕಿದರೆ ಅರ್ಧ ಒಡೆಯನಿಗೆ, ಅರ್ಧ ಮಾಡುವವನಿಗೆ. ಅದೇ ರೂಢಿಯನ್ನು ಇಲ್ಲಿಗೂ ತಂದರೆ 4,000 ಮಾವನವರ ಕಾಣಿಕೆ, 4,000 ನಿಮ್ಮ ಕಾಣಿಕೆ.

ಇನ್ನು ಉಣ್ಣುವ ತಲೆಗಳು. ಅಣ್ಣತಮ್ಮಂದಿರಿಗೆ ಸಮ ಮೂರು ಪಾಲು ಮಾಡಿದರೆ ಅನ್ಯಾಯ, ಒಬ್ಬರ ಮನೆಯಲ್ಲಿ ನಾಲ್ವರು, ಇನ್ನೊಬ್ಬರಲ್ಲಿ ಇಬ್ಬರು. ದೊಡ್ಡವರಿಗೆ ಒಂದು, ಸಣ್ಣ ಮಕ್ಕಳಿಗೆ ಅರ್ಧ ಹಿಡಿಯಿರಿ. ಹದಿನಾಲ್ಕರ ಹುಡುಗ ದೊಡ್ಡವನಷ್ಟೇ ಉಣ್ಣುತ್ತಾನೆ, ಅವನಿಗೆ ಒಂದು. ಆಗ ನಿಮ್ಮದು ಮೂರೂವರೆ, ನಡುವಿನವರದು ಎರಡೂವರೆ, ಸಣ್ಣವರದು ಎರಡು, ಅತ್ತೆ ಮಾವಂದಿರದು ಎರಡು. ಒಟ್ಟು ಹತ್ತು. ಒಂದು ತಲೆಗೆ 2,500.

ಅತ್ತೆ ಮಾವಂದಿರ ಊಟಕ್ಕೆ 5,000 ಬೇಕು. ಅವರಿಂದ ಬರುವುದು ಭೂಮಿಯ 4,000 ಮತ್ತು ಗೃಹಲಕ್ಷ್ಮಿಯ 2,000, ಸೇರಿ 6,000. ಅವರನ್ನು ಯಾವ ಮಗನೂ ಸಾಕುತ್ತಿಲ್ಲ, ಈ ಮಾತನ್ನು ಮನೆಯಲ್ಲಿ ಎಲ್ಲರ ಮುಂದೆ ಹೇಳು. ಸಣ್ಣವರು 5,000 ತಿಂದು 5,000 ಕೊಡುತ್ತಾರೆ, ಸರಿಹೋಯಿತು. ನಡುವಿನವರ ಊಟ 6,250, ಕೊಡುವುದು 10,000. ಅವರು 3,750 ಹೆಚ್ಚು ಕೊಡುತ್ತಾರೆ. ನಿಮ್ಮ ಊಟ 8,750, ನಿಮ್ಮ ಕಾಣಿಕೆ 4,000. ನಿಮಗೆ 4,750 ಕಡಿಮೆ ಬೀಳುತ್ತದೆ.

ತಂಗೀ, ಬೇಸರ ಮಾಡಿಕೊಳ್ಳಬೇಡ. ರೊಕ್ಕದ ಲೆಕ್ಕ ಇಷ್ಟೇ. ನಿನ್ನ ಕೈಯ ಕೆಲಸ ಇದರಲ್ಲಿ ಇನ್ನೂ ಸೇರಿಲ್ಲ.

ಬೆಳಗಾವಿಯ ಕಿರಿಸೊಸೆ

ನಾನು ಆ ನಡುವಿನವಳ ಜಾಗದಲ್ಲಿ ಇರುವವಳು, ಆದ್ದರಿಂದ ಬರೆಯುತ್ತಿದ್ದೇನೆ. ಬೆಳಗಿನ ಎಂಟಕ್ಕೆ ಬಸ್. ಅಷ್ಟರಲ್ಲಿ ಮಗನ ಸ್ನಾನ, ಡಬ್ಬಿ. ರೊಟ್ಟಿ ವೈನಿಯವರು ಬಡಿಯುತ್ತಾರೆ, ನಿಜ. ಆದರೆ ಸಂಜೆ ಬಂದಾಗ ಮಧ್ಯಾಹ್ನದ ಮುಸುರೆ ಪಾತ್ರೆಗಳು ನನಗಾಗಿಯೇ ಬಚ್ಚಲಲ್ಲಿ ಕಾದಿರುತ್ತವೆ. ರಾತ್ರಿಯ ಅನ್ನ ಸಾರು ನನ್ನದೇ. ಯಾರೂ ಅದನ್ನು ಕೆಲಸವೆಂದು ಎಣಿಸುವುದಿಲ್ಲ. "ರೊಟ್ಟಿ ಬಡಿಯಲು ಬರುವುದಿಲ್ಲ" ಎನ್ನುವ ಒಂದು ಮಾತಿನಲ್ಲಿ ನನ್ನ ಇಡೀ ದಿನ ಹೊರಟುಹೋಗುತ್ತದೆ. ಅಕ್ಕಾ, ನಿಮ್ಮ ನೆಗೆಣ್ಣಿ ಸಂಜೆ ಏನು ಮಾಡುತ್ತಾರೆ ಎಂದು ನೀವು ಬರೆದೇ ಇಲ್ಲ.

ಹಿರಿಸೊಸೆ

ರಾತ್ರಿಯ ಅನ್ನ ಸಾರು ಅವಳೇ ಮಾಡುತ್ತಾಳೆ, ಪಾತ್ರೆಯನ್ನೂ ತೊಳೆಯುತ್ತಾಳೆ. ರವಿವಾರ ಬಟ್ಟೆ ಒಗೆಯುವುದರಲ್ಲೇ ಅವಳ ಹೊತ್ತು ಹೋಗುತ್ತದೆ. ಹಗಲಿನ ರೊಟ್ಟಿ, ಪಲ್ಯ, ಹಾಲು ಕಾಯಿಸುವುದು, ಮೊಸರು, ಹಿಂಡಿ ಕುಟ್ಟುವುದು, ಆಳುಗಳಿಗೆ ಬುತ್ತಿ ನನ್ನದು. ಸಣ್ಣಾಕೆ ಮೊದಲು ಅರ್ಧ ರೊಟ್ಟಿ ಬಡಿಯುತ್ತಿದ್ದಳು, ಈಗ ಹೊಗೆಯ ಮುಂದೆ ಅವಳನ್ನು ಕೂರಿಸಲು ನನಗೇ ಮನಸ್ಸಿಲ್ಲ. ಗ್ಯಾಸ್ ಉಳಿಸಬೇಕೆಂದು ರೊಟ್ಟಿಯನ್ನು ತೊಗರಿ ಕಟ್ಟಿಗೆಯ ಒಲೆಯ ಮೇಲೆಯೇ ಮಾಡುವುದು.

ಲೆಕ್ಕದ ಕಾಕಾ

ಹಾಗಾದರೆ ರೊಟ್ಟಿಗೆ ಬೆಲೆ ಕಟ್ಟೋಣ. ಹಿಟ್ಟು ನಾವೇ ಕೊಟ್ಟರೆ ನಮ್ಮ ಓಣಿಯಲ್ಲಿ ಬಡಿದುಕೊಡುವ ಹೆಣ್ಣುಮಗಳು ಒಂದಕ್ಕೆ 3 ರೂಪಾಯಿ ಕೇಳುತ್ತಾಳೆ. ನಿನ್ನ ನಲವತ್ತರಲ್ಲಿ ಸುಮಾರು ಹದಿನಾಲ್ಕು ನಿನ್ನ ಗಂಡ ಮಕ್ಕಳಿಗೆ, ಅವಕ್ಕೆ ಕೂಲಿ ಇಲ್ಲ. ಉಳಿದ ಇಪ್ಪತ್ತಾರು ಬೇರೆಯವರಿಗೆ. ದಿನಕ್ಕೆ 78, ತಿಂಗಳಿಗೆ 2,340. ನಿನ್ನ ಕೊರತೆಯಲ್ಲಿ ಅರ್ಧದಷ್ಟು ರೊಟ್ಟಿಯಲ್ಲೇ ತೀರಿತು. ಇನ್ನು ಪಲ್ಯ, ಮೊಸರು, ಹಿಂಡಿ, ಬುತ್ತಿ. ಇವಕ್ಕೆ ಓಣಿಯಲ್ಲಿ ದರವಿಲ್ಲ. ಆದರೆ ನಡುವಿನವಳ ರಾತ್ರಿ ಅಡುಗೆಯನ್ನು ಕಳೆದ ಮೇಲೂ ಉಳಿದ 2,400ರಷ್ಟನ್ನು ನಿನ್ನ ಹಗಲು ಕೆಲಸ ತೀರಿಸುತ್ತದೆ ಎಂದು ನನ್ನ ಅಂದಾಜು. ಅಂದರೆ ನಿಮ್ಮ ಮನೆಯಲ್ಲಿ ಯಾರೂ ಯಾರನ್ನೂ ತಿಂದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಒಪ್ಪಿಕೊಂಡಿಲ್ಲ, ಅಷ್ಟೇ.

ಬೆಳಗಾವಿಯ ಕಿರಿಸೊಸೆ

ಕಾಕಾ, ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಲೆಕ್ಕದ ಪ್ರಕಾರ ನಡುವಿನವಳ 3,750 ಹೆಚ್ಚು ಹಣವೂ ಹೋಯಿತು, ಮೇಲೆ ರಾತ್ರಿಯ ಅಡುಗೆಯೂ ಹೋಯಿತು. ರೊಟ್ಟಿಗೆ ದರ ಇದೆ, ಮುಸುರೆಗೆ ದರ ಇಲ್ಲವೇ? ಪಾತ್ರೆ ತೊಳೆಯುವವರಿಗೂ ನಮ್ಮಲ್ಲಿ ತಿಂಗಳ ಸಂಬಳ ಇದೆ. ಅದನ್ನು ಹಿಡಿಯಿರಿ.

ಲೆಕ್ಕದ ಕಾಕಾ

ಹಿಡಿಯಬೇಕು, ನೀನು ಹೇಳಿದ್ದು ನ್ಯಾಯ. ಆಗ ನಡುವಿನವರ ಹಣ ಸ್ವಲ್ಪ ಇಳಿಯಬೇಕಾಗುತ್ತದೆ, 10,000 ಇದ್ದದ್ದು 9,000 ಆಗಬಹುದು. ಆ ಸಾವಿರ ಎಲ್ಲಿಂದ ಬರಬೇಕು ಎಂದು ಮನೆಯಲ್ಲೇ ಮಾತಾಡಿಕೊಳ್ಳಬೇಕು, ಅತ್ತೆ ಮಾವಂದಿರ ಉಳಿಕೆ ಸಾವಿರ ಆಗಲೇ ಸಂತೆಯ ಖರ್ಚಿನಲ್ಲಿ ಸೇರಿಹೋಗಿದೆ. ಗೃಹಲಕ್ಷ್ಮಿಯ ಕಂತು ತಡವಾದ ತಿಂಗಳು ಅದೂ ಇರುವುದಿಲ್ಲ. ಆ ಹಣ ಅತ್ತೆಯದು, ಕೇಳಿ ಪಡೆಯಬೇಕು, ಖರ್ಚಿನ ಲೆಕ್ಕದಲ್ಲಿ ಖಾಯಂ ಎಂದು ಬರೆಯಬೇಡಿ.

ಇಳಕಲ್ಲಿನ ದೊಡ್ಡವ್ವ

ನಾಲ್ವರು ಸೊಸೆಯರ ಮನೆಯಲ್ಲಿ ಹಿರಿಯವಳಾಗಿ ಬಾಳಿದವಳು ನಾನು. ಗಂಡಸರು ರೊಕ್ಕದ ಲೆಕ್ಕ ಹೇಳಿದರು, ಒಳ್ಳೆಯದು. ಆದರೆ ಅಡುಗೆಮನೆಯ ಜಗಳ ರೊಕ್ಕದಿಂದ ಹತ್ತುವುದು ಕಡಿಮೆ. ಪಾಳಿ ಒಬ್ಬರಿಂದ ಒಬ್ಬರಿಗೆ ಹೋಗುವ ಹೊತ್ತಿನಲ್ಲಿ ಹತ್ತುತ್ತದೆ.

ನಮ್ಮ ಮನೆಯಲ್ಲಿ ಮೊದಲು ದಿನದ ಪಾಳಿ ಇತ್ತು, ಇವತ್ತು ಇವಳು, ನಾಳೆ ಅವಳು. ಅದು ನಿಲ್ಲಲಿಲ್ಲ. ಒಬ್ಬಳು ತನ್ನ ದಿನ ಹಿಟ್ಟಿನ ಡಬ್ಬಿ ತಳ ಕಾಣುವವರೆಗೆ ಬಡಿದು, ಗಿರಣಿಗೆ ಕಳಿಸದೆ ಬಿಡುವಳು. ಮರುದಿನದವಳು ನಸುಕಿನಲ್ಲಿ ಎದ್ದು ಹಿಟ್ಟಿಲ್ಲ ಎಂದು ಕೂಗುವಳು. ಇನ್ನೊಬ್ಬಳು ಒಂದೇ ಸಲಕ್ಕೆ ತಿಂಗಳ ಹಿಟ್ಟು ಬೀಸಿಸಿಬಿಟ್ಟಳು. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಎಷ್ಟು ಕುದಿಯುವ ನೀರು ಹಾಕಿ ನಾದಿದರೂ ಅಂಚು ಸೀಳುತ್ತದೆ, ಎತ್ತಿ ಹಂಚಿಗೆ ಹಾಕುವಾಗ ಹರಿಯುತ್ತದೆ. ಆ ಹರಿದ ರೊಟ್ಟಿಯ ಬೈಗುಳ ಬಡಿದವಳಿಗೆ ಬಂತು, ಬೀಸಿಸಿದವಳಿಗೆ ಬರಲಿಲ್ಲ. ಅಂದಿನಿಂದ ಹಿಟ್ಟು ವಾರಕ್ಕೊಮ್ಮೆ, ಸಂತೆಯ ದಿನವೇ, ಅದೂ ರೊಟ್ಟಿ ಬಡಿಯುವವಳೇ ಕಳಿಸಬೇಕು ಎಂದು ಮಾಡಿದೆವು.

ಆಮೇಲೆ ದಿನದ ಪಾಳಿ ಬಿಟ್ಟು ಹೊತ್ತಿನ ಪಾಳಿ ಮಾಡಿದೆವು. ಬೆಳಗಿನ ಹೊತ್ತು ಒಬ್ಬಳದು, ರಾತ್ರಿಯ ಹೊತ್ತು ಇನ್ನೊಬ್ಬಳದು. ಹೊತ್ತು ಹಿಡಿದವಳು ಆ ಹೊತ್ತಿನ ಪಾತ್ರೆಯನ್ನೂ ತೊಳೆದೇ ಬಿಡಬೇಕು, ಒಲೆ ಒರೆಸಿರಬೇಕು, ಮುಂದಿನ ಹೊತ್ತಿಗೆ ಕಾಳು ನೆನೆಹಾಕಿರಬೇಕು. ನಿನ್ನ ಮನೆಯಲ್ಲಿ ಮಧ್ಯಾಹ್ನದ ಮುಸುರೆ ರಾತ್ರಿಯವಳಿಗೆ ಉಳಿಯುತ್ತಿದ್ದರೆ ಜಗಳದ ಬೇರು ಅಲ್ಲೇ ಇದೆ, ಮಗಳೇ. ತಿಂಗಳಲ್ಲಿ ಒಳಗೆ ಬರಬಾರದ ದಿನಗಳನ್ನು ಪಾಲಿಸುವ ಮನೆಯಾದರೆ ಆಗ ಯಾರು ಯಾರ ಹೊತ್ತು ಹಿಡಿಯಬೇಕು ಎಂಬುದೂ ಮೊದಲೇ ಗೊತ್ತಿರಬೇಕು. ಆ ಬೆಳಗ್ಗೆ ಕೇಳಬಾರದು.

ಹಬ್ಬದ ಅಡುಗೆ ಪಾಳಿಗೆ ಸೇರುವುದಿಲ್ಲ. ಎಳ್ಳಮಾವಾಸ್ಯೆ, ಪಂಚಮಿಯ ಉಂಡಿ, ಸೀಗೆ ಹುಣ್ಣಿಮೆ, ಇವಕ್ಕೆ ಎಲ್ಲರೂ ಏಳಬೇಕು. ರೊಕ್ಕ ಕೊಟ್ಟೆ ಎನ್ನುವ ಮಾತು ಹಬ್ಬದ ಒಲೆಯ ಮುಂದೆ ನಡೆಯುವುದಿಲ್ಲ. ಈ ವಿಷಯದಲ್ಲಿ ನಿನ್ನ ನೆಗೆಣ್ಣಿಯದು ತಪ್ಪೇ.

ಮುದ್ದೇಬಿಹಾಳದ ತಮ್ಮ

ದೊಡ್ಡವ್ವ, ಬೀಗರು ಬಂದರೆ? ನಮ್ಮ ಮನೆಯಲ್ಲಿ ಹೆಚ್ಚಿನ ಜಗಳ ಅದಕ್ಕೇ. ಒಬ್ಬರ ತವರಿನವರು ಬಂದರೆ ಹೋಳಿಗೆ, ಇನ್ನೊಬ್ಬರ ತವರಿನವರು ಬಂದರೆ ಉಪ್ಪಿಟ್ಟು.

ಇಳಕಲ್ಲಿನ ದೊಡ್ಡವ್ವ

ಮನೆಮಗಳು, ಅಂದರೆ ನಾದಿನಿ, ಮಕ್ಕಳೊಂದಿಗೆ ಬಂದರೆ ಅದು ಮನೆಯ ಖರ್ಚು, ಎಲ್ಲರ ಕೆಲಸ. ಸೊಸೆಯ ತವರಿನವರು ಬಂದರೆ ಮೊದಲ ಊಟ ಮನೆಯದು, ಅದು ಮನೆಯ ಮರ್ಯಾದೆ. ನಾಲ್ಕು ದಿನ ಉಳಿದರೆ ಆ ಸೊಸೆಯೇ ಒಲೆ ಮುಂದೆ ನಿಲ್ಲಬೇಕು. ನಾವು ಹೀಗೆ ನಡೆಸಿದೆವು.

ಹಿರಿಸೊಸೆ

ಎಲ್ಲರಿಗೂ ಉತ್ತರ ತಡವಾಯಿತು. ರವಿವಾರ ಊಟದ ನಂತರ ಮಾವನವರ ಮುಂದೆ ಎಲ್ಲರೂ ಕೂತೆವು. ಕಾಕಾ ಹೇಳಿದ ಲೆಕ್ಕವನ್ನು ಮಗನ ನೋಟ್‌ಬುಕ್‌ನಲ್ಲಿ ಬರೆಸಿದ್ದೆ, ಅವನೇ ಓದಿದ. ಅತ್ತೆ ಮಾವಂದಿರ ಊಟ ಅವರ ಕಾಣಿಕೆಯಲ್ಲೇ ನಡೆಯುತ್ತದೆ ಎಂದಾಗ ಮಾವನವರು ಏನೂ ಹೇಳಲಿಲ್ಲ, ನಡುವಿನ ಮೈದುನ ಮಾತ್ರ ಇನ್ನೊಮ್ಮೆ ಓದು ಎಂದರು.

ಒಪ್ಪಿಕೊಂಡದ್ದು ಇಷ್ಟು. ಮಧ್ಯಾಹ್ನದ ಮುಸುರೆ ನಾನೇ ತೊಳೆದು ಬಿಡಬೇಕು, ರಾತ್ರಿಯದು ಅವಳದು. ಸಣ್ಣಾಕೆ ಬಾಣಂತನ ಮುಗಿಸಿಕೊಂಡು ತವರಿನಿಂದ ಬರುವವರೆಗೆ ರೊಟ್ಟಿಯಲ್ಲಿ ಅವಳ ಪಾಲು ಹಿಡಿಯಬಾರದು, ಅದರ ಬದಲು ಸಣ್ಣ ಮೈದುನ ವಾರದ ಸಂತೆ ಮಾಡಿ ಹಿಟ್ಟು ಬೀಸಿಸಿಕೊಂಡು ಬರಬೇಕು. ಹಬ್ಬದ ಹಿಂದಿನ ರಾತ್ರಿ ನಡುವಿನವಳು ಹೂರಣ ರುಬ್ಬಿಕೊಡುತ್ತೇನೆ ಎಂದಳು, ನಸುಕಿನಲ್ಲಿ ಏಳುವ ಮಾತಿಗೆ ಹೂಂ ಅನ್ನಲಿಲ್ಲ. ಅವರ ಹಣ ಸದ್ಯಕ್ಕೆ 10,000 ಹಾಗೆಯೇ ಇದೆ.

ಒಂದು ಗಂಟು ಉಳಿದಿದೆ. ಕಾಕಾ ಹಾಲನ್ನೂ ಅರ್ಧ ಭೂಮಿಗೆ, ಅರ್ಧ ನಮಗೆ ಎಂದು ಹಿಡಿದಿದ್ದರು. ಆ ಎಮ್ಮೆ ನನ್ನ ತವರಿನಿಂದ ಬಂದದ್ದು, ನನ್ನ ಅಣ್ಣ ಕೊಡಿಸಿದ್ದು. ಸಗಣಿ ಬಳಿಯುವುದು, ಹಿಂಡುವುದು ನಾನೇ. ಹಾಗಾದರೆ 4,500 ಪೂರ್ತಿ ನಮ್ಮ ಕಾಣಿಕೆ ಆಗಬೇಕಲ್ಲವೇ ಎಂದೆ. ನಡುವಿನವಳು, "ಮೇವು ಎಲ್ಲರ ಹೊಲದ್ದು ಅಲ್ಲವೇನಕ್ಕಾ?" ಎಂದಳು.

ವಿಜಯಪುರದ ವಕೀಲರು

ತವರಿನವರು ನಿಮಗೆಂದೇ ಕೊಟ್ಟದ್ದಾದರೆ ಎಮ್ಮೆ ನಿಮ್ಮ ಸ್ತ್ರೀಧನ. ಮಾರುವ ಹಕ್ಕೂ ನಿಮ್ಮದೇ. ಅದರ ಮೇವು ಯಾರದು ಎಂಬುದು ಕಾನೂನಿನ ಪ್ರಶ್ನೆಯಲ್ಲ, ನಿಮ್ಮ ಮನೆಯ ಒಪ್ಪಂದ.

ಲೆಕ್ಕದ ಕಾಕಾ

ಎಮ್ಮೆ ತವರಿನದು ಎಂದು ನೀನು ಮೊದಲು ಹೇಳಿರಲಿಲ್ಲ, ತಂಗೀ. ಅದರಿಂದ ಲೆಕ್ಕ ಬದಲಾಗುತ್ತದೆ. ಹಾಲು ಪೂರ್ತಿ ನಿಮ್ಮದಾದರೆ ನಿಮ್ಮ ಕೊರತೆ 2,500ಕ್ಕೆ ಇಳಿಯುತ್ತದೆ, ಆದರೆ ಅತ್ತೆ ಮಾವಂದಿರ ಕಾಣಿಕೆಯೂ ಅಷ್ಟೇ ಕಡಿಮೆಯಾಗಿ ಅವರ ಊಟಕ್ಕೆ ಸಾವಿರದ ಮೇಲೆ ಕೊರತೆ ಬೀಳುತ್ತದೆ. ಅದನ್ನು ಮೂವರು ಅಣ್ಣತಮ್ಮಂದಿರು ತುಂಬಬೇಕು. ನನ್ನ ಮಾತು ಕೇಳುವುದಾದರೆ ಹಾಲಿನಲ್ಲಿ ಮೂರರಲ್ಲಿ ಒಂದು ಪಾಲು ಮೇವಿಗೆ ಬಿಡು. ಕಣಕಿ, ಹೊಟ್ಟು ಹೊಲದ್ದೇ, ಎಮ್ಮೆಗೆ ಹಾಕುವ ಹಿಂಡಿ ಚೀಲ ಮಾತ್ರ ಪೇಟೆಯದು. ಆ ಚೀಲದ ದುಡ್ಡು ಯಾರು ಕೊಡುತ್ತಾರೆ?

ಹಿರಿಸೊಸೆ

ಡೇರಿಗೆ ಹಾಕುವ ಹಾಲಿನ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ ಕಾಕಾ. ಉಳಿದ ಬಿಲ್ ನನ್ನ ಕೈಗೆ ಬರುತ್ತದೆ, ಮಕ್ಕಳ ಶಾಲೆಗೆ ಹೋಗುತ್ತದೆ.

ಬೆಳಗಾವಿಯ ಕಿರಿಸೊಸೆ

ಡೇರಿಯ ಬಿಲ್ಲನ್ನೂ ಆ ನೋಟ್‌ಬುಕ್‌ನಲ್ಲಿ ಬರೆಯಿರಿ ಅಕ್ಕಾ. ನಿಮ್ಮ ನೆಗೆಣ್ಣಿಗೆ ಅದು ಗೊತ್ತೇ ಇದೆ, ನೀವು ಬರೆದಿಲ್ಲ ಎಂಬುದೂ ಗೊತ್ತಿದೆ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ಇಳಕಲ್ಲಿನ ದೊಡ್ಡವ್ವ

ಅದನ್ನು ಬರೆಯುವುದಾದರೆ ಅವಳ ಸಂಬಳವನ್ನೂ ಬರೆಯಬೇಕಾಗುತ್ತದೆ. ಹೆಣ್ಣುಮಗಳ ಕೈಯಲ್ಲಿ ನಾಲ್ಕು ಕಾಸು ಲೆಕ್ಕದ ಹೊರಗೆ ಇರಲಿ, ಇಬ್ಬರಿಗೂ ಇರಲಿ. ಮನೆಗೆ ಕುಡಿಯುವ ಮೂರು ಲೀಟರ್ ಮಾತ್ರ ಮಾತಾಡಿಕೊಳ್ಳಿ.

ಹಿರಿಸೊಸೆ

ದೊಡ್ಡವ್ವ, ನಿಮ್ಮ ಮಾತು ನನಗೂ ಸರಿ ಕಾಣುತ್ತದೆ. ಕಾಕಾ ಹೇಳಿದ ಮೂರರಲ್ಲಿ ಒಂದು ಪಾಲನ್ನು ಬರುವ ರವಿವಾರ ಮಾವನವರ ಮುಂದೆ ಇಡುತ್ತೇನೆ. ಅವಳು ಡೇರಿ ಬಿಲ್ ಕೇಳಿದರೆ ಏನು ಹೇಳಬೇಕು ಎಂದು ಇನ್ನೂ ಯೋಚಿಸುತ್ತಿದ್ದೇನೆ.